ಹಳದಿ ಬಲ್ಬೋ ಬಿಳಿ ಬಲ್ಬೋ? ಫೋಟೋ ನೋಡಿ ತೀರ್ಮಾನಿಸುವ ಮುನ್ನ

ಸಿಂಧನೂರಿನಲ್ಲಿರುವ ನನ್ನ ತಂಗಿ ಒಂದು ರಾತ್ರಿ ಒಂಬತ್ತೂವರೆಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಎರಡು ಫೋಟೋ ಹಾಕಿದಳು. ಎರಡರಲ್ಲೂ ಅದೇ ಮಂಚ, ಅದೇ ಚಾದರ, ಅದೇ ತಿಳಿ ಹಸಿರು ಗೋಡೆ. ಒಂದರಲ್ಲಿ ಹಳದಿ ಬಲ್ಬ್ ಉರಿಯುತ್ತಿತ್ತು, ಇನ್ನೊಂದರಲ್ಲಿ ಬಿಳಿ. ಕೆಳಗೆ, “ಯಾವುದು ಚೆನ್ನಾಗಿದೆ ಹೇಳಿ, ನಾಳೆ ಅಂಗಡಿಗೆ ಒಂದನ್ನು ವಾಪಸ್ ಕೊಡಬೇಕು” ಎಂದು ಬರೆದಿದ್ದಳು.

ಲಿಂಗಸುಗೂರಿನಿಂದ ನಾನು ಹಳದಿಗೆ ಮತ ಹಾಕಿದೆ, ದೊಡ್ಡ ಹೋಟೆಲಿನ ಕೋಣೆಯಂತೆ ಕಾಣುತ್ತಿತ್ತು. ತಮ್ಮ ಬಿಳಿಯೇ ಇರಲಿ, ಕೋಣೆ ಸ್ವಚ್ಛವಾಗಿ ಕಾಣುತ್ತದೆ ಎಂದ. ಮಸ್ಕಿಯ ಖಾಲಾ ಮಾತ್ರ, “ಎರಡೂ ಒಂದೇ ಇವೆಯಲ್ಲ ಬೇಟಿ, ಒಂದೇ ಫೋಟೋ ಎರಡು ಸಲ ಯಾಕೆ ಕಳಿಸಿದ್ದೀ?” ಎಂದು ಕೇಳಿದರು. ನಾವೆಲ್ಲ ನಕ್ಕೆವು. ಖಾಲಾ ಹೇಳಿದ್ದರಲ್ಲೂ ಸತ್ಯವಿತ್ತು ಎಂದು ತಿಳಿದದ್ದು ಮುಂದಿನ ವಾರ ಮಸ್ಕಿಗೆ ಹೋಗಿ ಅವರ ಫೋನ್ ನೋಡಿದಾಗ. ಕಣ್ಣಿಗೆ ಹಿತವಾಗಲೆಂದು ಅವರ ಮಗ ಆ ಫೋನಿನಲ್ಲಿ ರಾತ್ರಿ ಒಂಬತ್ತರ ನಂತರ ಪರದೆ ತಾನಾಗಿಯೇ ಹಳದಿಗೆ ತಿರುಗುವಂತೆ ಮಾಡಿಟ್ಟಿದ್ದ. ಹಳದಿ ಪರದೆಯ ಮೇಲೆ ಬಿಳಿ ಬಲ್ಬಿನ ಫೋಟೋ ಕೂಡ ಹಳದಿಯಾಗಿಯೇ ಕಂಡಿತ್ತು.

ಮೂರು ಊರು, ಮೂರು ಪರದೆ, ಮೂರು ಅಭಿಪ್ರಾಯ. ತಂಗಿಯ ಸಮಸ್ಯೆ ಮಾತ್ರ ಹಾಗೇ ಉಳಿಯಿತು. ಅವಳು ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಅಂದರೆ ಟಿಇಟಿಗೆ, ಓದುತ್ತಿದ್ದಾಳೆ. ಇಶಾ ನಮಾಜು, ಊಟ ಎಲ್ಲ ಮುಗಿದ ಮೇಲೆ ಒಂಬತ್ತರಿಂದ ಹನ್ನೊಂದರವರೆಗೆ ಅವಳಿಗೆ ಸಿಗುವ ಜಾಗ ಮಲಗುವ ಕೋಣೆಯೊಂದೇ. ಗಂಡ ಅಕ್ಕಿ ಗಿರಣಿಯ ಬೆಳಗಿನ ಪಾಳಿಯವರು, ಹತ್ತಕ್ಕೆ ಮಲಗಬೇಕು. ಒಂದೇ ಕೋಣೆಯಲ್ಲಿ ಒಬ್ಬರಿಗೆ ನಿದ್ದೆ ಬರಬೇಕು, ಇನ್ನೊಬ್ಬರಿಗೆ ನಿದ್ದೆ ಬರಬಾರದು. ಫೋಟೋದಲ್ಲಿ ಯಾವುದು ಚೆಂದ ಎಂಬುದಕ್ಕಿಂತ ಇದು ದೊಡ್ಡ ಪ್ರಶ್ನೆ.

ಮೊದಲು ಬಲ್ಬಿನ ಡಬ್ಬಿ ನೋಡೋಣ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಬರೆದಿರುತ್ತಾರೆ. 2700 ಅಥವಾ 3000 ಎಂದಿದ್ದರೆ ಹಳದಿ, ಅಂಗಡಿಯವರು ವಾರ್ಮ್ ವೈಟ್ ಎನ್ನುವುದು ಇದನ್ನೇ. 6500 ಎಂದಿದ್ದರೆ ನೀಲಿ ಮಿಶ್ರಿತ ಬಿಳಿ, ಅದೇ ಕೂಲ್ ಡೇಲೈಟ್. ನಡುವೆ 4000ದ್ದೂ ಸಿಗುತ್ತದೆ, ಕೇಳಿದರೆ ಮಾತ್ರ ಒಳಗಿನಿಂದ ತೆಗೆದುಕೊಡುತ್ತಾರೆ. 2015ರಲ್ಲಿ ರಾಜ್ಯದಲ್ಲಿ ‘ಹೊಸ ಬೆಳಕು’ ಯೋಜನೆ ಬಂದು 9 ವ್ಯಾಟಿನ ಎಲ್‌ಇಡಿ ಬಲ್ಬುಗಳನ್ನು ಕಡಿಮೆ ದರಕ್ಕೆ ಕೊಟ್ಟಾಗ ನಮ್ಮ ಮನೆಗೆ ಬಂದವು ಬಿಳಿ ಬಲ್ಬುಗಳು. ಅದಕ್ಕೂ ಮುಂಚೆ ಇದ್ದದ್ದು ತಂತಿ ಕಾದು ಉರಿಯುವ ಹಳದಿ ಬಲ್ಬು. ಬಡವರ ಬೆಳಕು ಹಳದಿ, ಹೊಸ ಕಾಲದ ಬೆಳಕು ಬಿಳಿ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಹಾಗೆಯೇ ಬೇರೂರಿತೇನೋ.

ಡಬ್ಬಿಯ ಮೇಲೆ ಇನ್ನೊಂದು ಅಂಕಿ ಇರುತ್ತದೆ, ಲ್ಯೂಮೆನ್. ಬಲ್ಬಿನಿಂದ ಒಟ್ಟು ಎಷ್ಟು ಬೆಳಕು ಬರುತ್ತದೆ ಎಂಬುದರ ಲೆಕ್ಕ ಅದು. 9 ವ್ಯಾಟಿನ ಒಳ್ಳೆಯ ಬಲ್ಬು ಸುಮಾರು 900 ಲ್ಯೂಮೆನ್ ಕೊಡುತ್ತದೆ. ತಂಗಿಗೆ ಡಬ್ಬಿಗಳ ಫೋಟೋ ಕಳಿಸು ಎಂದೆ. ಬಿಳಿಯದು 9 ವ್ಯಾಟ್, ಹಳದಿಯದು 7 ವ್ಯಾಟ್. ಹಳದಿಯಲ್ಲಿ ದೊಡ್ಡದು ಖಾಲಿಯಾಗಿದೆ ಎಂದು ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಟ್ಟಿದ್ದರು. ಬಣ್ಣಕ್ಕೆ ಬಣ್ಣ ಹೋಲಿಸುತ್ತಿದ್ದೇವೆ ಎಂದುಕೊಂಡು ನಾವು ಹೆಚ್ಚು ಬೆಳಕನ್ನು ಕಡಿಮೆ ಬೆಳಕಿನೊಂದಿಗೆ ಹೋಲಿಸುತ್ತಿದ್ದೆವು. ಹಾಗಾದರೆ ಫೋಟೋದಲ್ಲಿ ಹಳದಿ ಕೋಣೆ ಮಂದವಾಗಿ ಕಾಣಬೇಕಿತ್ತಲ್ಲ? ಕಾಣಲಿಲ್ಲ. ಇಲ್ಲಿಂದ ಫೋನಿನ ಕೈವಾಡ ಶುರುವಾಗುತ್ತದೆ.

ಫೋನಿನ ಕ್ಯಾಮೆರಾ ಕೋಣೆ ಹೇಗಿದೆಯೋ ಹಾಗೆ ತೋರಿಸುವುದಿಲ್ಲ. ಬೆಳಕು ಕಡಿಮೆಯಿದ್ದರೆ ತಾನೇ ಹೆಚ್ಚಿಸಿಕೊಳ್ಳುತ್ತದೆ. ರಾತ್ರಿ ಫೋಟೋಗೆಂದೇ ಇರುವ ನೈಟ್ ಮೋಡ್‌ ಹಲವು ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸಿ ಕತ್ತಲೆಯನ್ನು ತೊಳೆದುಬಿಡುತ್ತದೆ. ಬಣ್ಣದ ವಿಷಯದಲ್ಲೂ ಹೀಗೆಯೇ. ಚಿತ್ರದಲ್ಲಿ ಹಳದಿ ಜಾಸ್ತಿಯಿದ್ದರೆ ಬಿಳಿಯದು ಬಿಳಿಯಾಗಿಯೇ ಕಾಣಲೆಂದು ಅದು ಹಳದಿಯನ್ನು ಸ್ವಲ್ಪ ಹಿಂಡಿ ತೆಗೆಯುತ್ತದೆ, ನೀಲಿ ಜಾಸ್ತಿಯಿದ್ದರೆ ಅದಕ್ಕೆ ಸ್ವಲ್ಪ ಹಳದಿ ಬೆರೆಸುತ್ತದೆ. ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು ಎಂದು ಪ್ರತಿ ಫೋಟೋಗೂ ಹೊಸದಾಗಿ ನಿರ್ಧರಿಸುತ್ತದೆ. ಪಕ್ಕದಲ್ಲಿ ಕೆಂಪು ದುಪಟ್ಟಾ ಬಿದ್ದಿದ್ದರೂ ಆ ನಿರ್ಧಾರ ಬದಲಾಗಬಹುದು. ಹೀಗೆ ಎರಡು ಸಲ ಎರಡು ರೀತಿ ತಿದ್ದಿದ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೆಂದರೆ ಎರಡು ಬೇರೆ ಬೇರೆ ತಕ್ಕಡಿಯಲ್ಲಿ ತೂಗಿದ ಅಕ್ಕಿಯನ್ನು ಹೋಲಿಸಿದ ಹಾಗೆ.

ಪರಿಹಾರ ಕಷ್ಟದ್ದಲ್ಲ. ಅನೇಕ ಫೋನುಗಳ ಕ್ಯಾಮೆರಾದಲ್ಲಿ Pro ಎಂಬ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ WB, ISO ಎಂಬ ಗುರುತುಗಳು ಕಾಣುತ್ತವೆ. WB ಎಂದರೆ ಬಣ್ಣ ತಿದ್ದುವ ಕೀಲಿ, ಅದನ್ನು 4500ಕ್ಕೆ ನಿಲ್ಲಿಸಿ. ISO 800 ಇಡಿ. ಶಟರ್ ಸಮಯವನ್ನು 1/50 ಮಾಡಿ. ಈಗ ಫೋನಿಗೆ ತನ್ನ ಬುದ್ಧಿ ಉಪಯೋಗಿಸಲು ಅವಕಾಶವಿಲ್ಲ. ಫೋನನ್ನು ಕಪಾಟಿನ ಮೇಲೆ ಪುಸ್ತಕಗಳಿಗೆ ಒರಗಿಸಿ, ಒಂದು ಬಲ್ಬಿನಲ್ಲಿ ಫೋಟೋ ತೆಗೆದು, ಫೋನ್ ಕದಲಿಸದೆ ಬಲ್ಬ್ ಬದಲಿಸಿ ಇನ್ನೊಂದು ತೆಗೆಯಿರಿ. ಬಲ್ಬ್ ಬದಲಿಸುವಾಗ ಸ್ವಿಚ್ ಆರಿಸಿ, ಬಲ್ಬು ತಣ್ಣಗಾಗಲಿ. ಹಾಸಿಗೆಯ ಮೇಲೆ ಒಂದು ಬಿಳಿ ಕಾಗದ ಇಟ್ಟಿದ್ದರೆ ಹೋಲಿಸಲು ಅನುಕೂಲ.

ಶಟರ್ 1/50 ಏಕೆಂದರೆ ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು ಹಾಕುತ್ತದೆ, ಕಳಪೆ ಬಲ್ಬು ಅದರ ಜೊತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದು ಕಣ್ಣಿಗೆ ಕಾಣದಿದ್ದರೂ ಕೆಲವರಿಗೆ ಓದುವಾಗ ತಲೆನೋವು, ಕಣ್ಣು ಸೋಲುವುದು ಇದರಿಂದಲೇ. 1/50ರಲ್ಲಿ ತೆಗೆದ ಫೋಟೋದಲ್ಲಿ ಈ ಮಿನುಗು ಮರೆಯಾಗುತ್ತದೆ. ಮಿನುಗು ಇದೆಯೇ ಎಂದು ಪರೀಕ್ಷಿಸಬೇಕಾದರೆ ಅದೇ ಶಟರನ್ನು 1/1000ಕ್ಕೆ ತಿರುಗಿಸಿ ಬಲ್ಬಿನ ಬೆಳಕು ಬಿದ್ದ ಗೋಡೆಯನ್ನು ನೋಡಿ. ಪರದೆಯ ಮೇಲೆ ಕಪ್ಪು ಪಟ್ಟಿಗಳು ಸಾಲಾಗಿ ಹರಿದರೆ ಆ ಬಲ್ಬು ಓದಲು ಬೇಡ, ಅದು ಹಳದಿಯಾಗಿರಲಿ ಬಿಳಿಯಾಗಿರಲಿ. ತಂಗಿಯ ಎರಡು ಬಲ್ಬುಗಳಲ್ಲಿ ಅಗ್ಗದ ಹಳದಿಯದರಲ್ಲಿ ಪಟ್ಟಿಗಳು ಸ್ಪಷ್ಟವಾಗಿ ಕಂಡವು. ಅಂಗಡಿಗೆ ವಾಪಸ್ ಹೋದದ್ದು ಅದು, ಬಣ್ಣದ ಕಾರಣಕ್ಕಲ್ಲ. ಬದಲಿಗೆ ಬೇರೆ ಕಡೆ ಅದೇ ಕಂಪನಿಯ, ಅದೇ 9 ವ್ಯಾಟಿನ 3000 ಕೆಲ್ವಿನ್ ಬಲ್ಬು ಸಿಕ್ಕಿತು. “ಅಕ್ಕೋರ, ಎರಡೂ ಒಂದ ವ್ಯಾಟ ರೀ, ಬಣ್ಣ ಅಷ್ಟ ಬ್ಯಾರೆ” ಎಂದರಂತೆ ಅಂಗಡಿಯವರು. ನಮಗೆ ಬೇಕಾಗಿದ್ದೂ ಅದೇ.

Pro ಇಲ್ಲದ ಫೋನಾದರೆ ಇನ್ನೊಂದು ಉಪಾಯವಿದೆ. ದೊಡ್ಡ ರಟ್ಟಿನ ಪೆಟ್ಟಿಗೆಯ ಒಳಗೆ ಬಿಳಿ ಕಾಗದ ಅಂಟಿಸಿ, ನಡುವೆ ಒಂದು ರಟ್ಟು ನಿಲ್ಲಿಸಿ ಎರಡು ಕೋಣೆ ಮಾಡಿ. ಒಂದರ ಮುಂದೆ ಹಳದಿ ಟೇಬಲ್ ದೀಪ, ಇನ್ನೊಂದರ ಮುಂದೆ ಬಿಳಿಯದು ಇಟ್ಟು ಬೆಳಕು ಒಳಗೆ ಬೀಳುವಂತೆ ತಿರುಗಿಸಿ ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿಯಿರಿ. ಒಂದು ಫೋಟೋಗೆ ಫೋನು ಸಾಮಾನ್ಯವಾಗಿ ಬಣ್ಣದ ಒಂದೇ ತಿದ್ದುಪಡಿ ಮಾಡುತ್ತದೆ. ಹಾಗಾಗಿ ಎರಡರ ನಡುವಿನ ವ್ಯತ್ಯಾಸವಾದರೂ ಉಳಿಯುತ್ತದೆ. ದೀಪದ ಶಾಖಕ್ಕೆ ರಟ್ಟು ತಾಗದಿರಲಿ.

ತಂಗಿ Proದಲ್ಲಿ ತೆಗೆದ ಹೊಸ ಫೋಟೋಗಳು ಬಂದಾಗ ನಾವು ಬೆಚ್ಚಿದೆವು. ಹಳದಿಯದು ಕಿತ್ತಳೆಯ ಹಾಗಿತ್ತು, ಬಿಳಿಯದು ಆಸ್ಪತ್ರೆಯ ನೀಲಿಯಂತೆ. “ಆಪಾ, ನನ್ನ ಕಣ್ಣಿಗೆ ಕೋಣೆ ಹೀಗೆ ಕಾಣುತ್ತಿಲ್ಲ” ಎಂದಳು. ಸರಿಯೇ. ನಮ್ಮ ಕಣ್ಣೂ ಮಿದುಳೂ ಸೇರಿ ಕೆಲವು ನಿಮಿಷಗಳಲ್ಲಿ ಯಾವ ಬೆಳಕಿಗಾದರೂ ಹೊಂದಿಕೊಂಡು ಬಿಳಿ ಕಾಗದವನ್ನು ಬಿಳಿಯಾಗಿಯೇ ತೋರಿಸುತ್ತವೆ. ಆದ್ದರಿಂದ ನಿಲ್ಲಿಸಿದ ಕ್ಯಾಮೆರಾ ವ್ಯತ್ಯಾಸವನ್ನು ಹೆಚ್ಚಾಗಿ ತೋರಿಸುತ್ತದೆ, ತಾನೇ ತಿದ್ದುವ ಕ್ಯಾಮೆರಾ ಮನಬಂದಂತೆ ತೋರಿಸುತ್ತದೆ. ಯಾವುದೂ ಕಣ್ಣಿನ ಸಾಕ್ಷಿಯಲ್ಲ. ಆದರೂ ಮೊದಲನೆಯದರಿಂದ ಕೆಲವು ಸಂಗತಿ ತಿಳಿಯಬಹುದು. ತಂಗಿಯ ಫೋಟೋದಲ್ಲಿ ಹಸಿರು ಗೋಡೆ ಹಳದಿ ಬೆಳಕಿಗೆ ಸ್ವಲ್ಪ ಮಾಸಲಾಗಿತ್ತು, ಮರದ ಕಪಾಟು ಮತ್ತು ಮುಖಗಳು ಹಿತವಾಗಿದ್ದವು. ಬಿಳಿ ಬೆಳಕಿಗೆ ಗೋಡೆ ತಾಜಾ ಇತ್ತು, ಮುಖ ಮಾತ್ರ ಸಪ್ಪೆ. ಇನ್ನೊಂದನ್ನು ಎರಡೂ ಫೋಟೋ ಒಂದೇ ಸಮ ತೋರಿಸಿದವು: ಅವಳು ಮಂಚದ ಮೇಲೆ ಪುಸ್ತಕ ಹಿಡಿದು ಕೂತಾಗ ಅವಳ ತಲೆಯ ನೆರಳು ನೇರವಾಗಿ ಪುಟದ ಮೇಲೆ ಬಿದ್ದಿತ್ತು.

ಓದಿನ ಹಿತ ಇರುವುದು ಈ ನೆರಳಿನಲ್ಲಿ. ಪುಟದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬುದರಲ್ಲಿ ಅಳೆಯುತ್ತಾರೆ. ಫೋನಿನಲ್ಲೇ ಉಚಿತವಾಗಿ ಸಿಗುವ ಲಕ್ಸ್ ಮೀಟರ್ ನಿಖರವಲ್ಲದಿದ್ದರೂ ಹೋಲಿಕೆಗೆ ಸಾಕು. ಹತ್ತು ಅಡಿಗೆ ಹನ್ನೆರಡು ಅಡಿಯ ಅವಳ ಕೋಣೆಯಲ್ಲಿ, ಗೋಡೆಯ ಮೇಲ್ಭಾಗದ ಹೋಲ್ಡರಿನಲ್ಲಿದ್ದ ಬಲ್ಬಿನಿಂದ ದಿಂಬಿನ ಮೇಲೆ ಬಿದ್ದದ್ದು ಸುಮಾರು 60 ಲಕ್ಸ್. ಹಳದಿಯಾದರೂ ಅಷ್ಟೇ, ಬಿಳಿಯಾದರೂ ಅಷ್ಟೇ. ಸಣ್ಣ ಅಕ್ಷರ ಗಂಟೆಗಟ್ಟಲೆ ಓದಲು 300ರಿಂದ 500 ಲಕ್ಸ್ ಬೇಕು. ಬಣ್ಣದ ಬಗ್ಗೆ ಜಗಳವಾಡುತ್ತಾ ಐದರಷ್ಟು ಕೊರತೆಯನ್ನು ನಾವು ನೋಡಿರಲೇ ಇಲ್ಲ.

ಅವಳಿಗೆ ಒಂದು ಪರೀಕ್ಷೆ ಹೇಳಿದೆ. ಉರ್ದು ಪತ್ರಿಕೆಯ ಒಂದು ಪುಟ ತೆಗೆದುಕೋ. ಬೇ, ಪೇ, ತೇ, ಸೇ ಅಕ್ಷರಗಳಿಗೆ ಮೈ ಒಂದೇ, ಕೆಳಗೆ ಒಂದು ಚುಕ್ಕೆಯೋ ಮೂರೋ, ಮೇಲೆ ಎರಡೋ ಮೂರೋ ಎಂಬುದರಿಂದ ಮಾತ್ರ ಬೇರೆಯಾಗುತ್ತವೆ. ಕಡಿಮೆ ಬೆಳಕಿನಲ್ಲಿ ಮೊದಲು ಕಲೆಸಿಹೋಗುವುದು ಈ ನುಕ್ತಾಗಳು. ಕನ್ನಡದಲ್ಲಿ ಹಾಗೆ ಕಲೆಸುವುದು ಒತ್ತಕ್ಷರ. ಒಂದೊಂದು ಬಲ್ಬಿನಲ್ಲಿ ಮೂರು ರಾತ್ರಿ, ಇಪ್ಪತ್ತು ನಿಮಿಷ ಓದಿ ನೋಡು ಎಂದೆ. ಮೇಲಿನ ಬಲ್ಬಿನಲ್ಲಿ ಎರಡೂ ಬಣ್ಣಕ್ಕೂ ಅವಳು ಎರಡು ಮತ್ತು ಮೂರು ಚುಕ್ಕೆಗಳ ನಡುವೆ ತಡವರಿಸಿದಳು, ಬಿಳಿಯಲ್ಲಿ ಸ್ವಲ್ಪ ಕಡಿಮೆ ಅಷ್ಟೇ. ನೀಲಿ ಹೆಚ್ಚಿರುವ ಬೆಳಕಿಗೆ ಕಣ್ಣಿನ ಪಾಪೆ ಸ್ವಲ್ಪ ಹೆಚ್ಚು ಕಿರಿದಾಗುವುದರಿಂದ ಅಕ್ಷರ ತುಸು ಚೂಪಾಗಿ ಕಾಣುವುದುಂಟು. ಆಮೇಲೆ 7 ವ್ಯಾಟಿನ ಟೇಬಲ್ ದೀಪವನ್ನು ಪುಟದಿಂದ ಒಂದೂವರೆ ಅಡಿ ದೂರದಲ್ಲಿ ಇಟ್ಟಳು. ಮೀಟರು 350 ತೋರಿಸಿತು, ಎರಡೂ ಬಣ್ಣದಲ್ಲಿ ನುಕ್ತಾಗಳು ಬಿಡಿಬಿಡಿಯಾದವು. ದೀಪವನ್ನು ಮೂರು ಅಡಿಗೆ ಸರಿಸಿದರೆ ನೂರರ ಆಸುಪಾಸಿಗೆ ಇಳಿಯಿತು. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗವಾಗುತ್ತದೆ, ಇದು ಬಲ್ಬಿನ ತಪ್ಪಲ್ಲ.

ದೀಪದ ಬಲ್ಬು ಕಣ್ಣಿಗೆ ನೇರ ಕಾಣದಂತೆ ಮುಚ್ಚಳವಿರಬೇಕು. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಕ್ಕಿರಲಿ. ಉರ್ದು ಬಲದಿಂದ ಎಡಕ್ಕೆ ಸಾಗುತ್ತದಲ್ಲ, ಹಾಗಾದರೆ ದೀಪ ಬಲಕ್ಕಿಡಬೇಕೇ ಎಂದು ತಂಗಿ ಕೇಳಿದಳು. ಬರಹ ಎತ್ತ ಸಾಗಿದರೂ ನೆರಳು ಬೀಳುವುದು ಕೈಯಿಂದ, ಎಡಕ್ಕೇ ಇಡು ಎಂದೆ. ಅರವತ್ತು ದಾಟಿದವರ ಲೆಕ್ಕ ಬೇರೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ, ಪಾಪೆ ಕಿರಿದಾಗಿ, ಇಪ್ಪತ್ತರ ಹರೆಯದವರಿಗೆ ಹೋಲಿಸಿದರೆ ಸುಮಾರು ಮೂರನೇ ಒಂದರಷ್ಟು ಬೆಳಕು ಮಾತ್ರ ಒಳಗೆ ತಲುಪುತ್ತದೆ. ಅಬ್ಬಾ ತಂಗಿಯ ಮನೆಗೆ ಬಂದಾಗ ಅದೇ ದೀಪವನ್ನು ಒಂದು ಅಡಿಗೆ ಎಳೆದುಕೊಳ್ಳುತ್ತಾರೆ. ಕಣ್ಣಿನ ಪೊರೆ ಶುರುವಾದವರಿಗೆ ತೀಕ್ಷ್ಣ ಬಿಳಿ ಬೆಳಕು ಚದುರಿ ಕುಕ್ಕುವುದೂ ಉಂಟು. ಅಂಥವರಿಗೆ ಬೆಳಕು ಹೆಚ್ಚಿರಲಿ, ಆದರೆ ಪುಟದ ಮೇಲಿರಲಿ, ಕಣ್ಣಿಗೆ ಹೊಡೆಯದಿರಲಿ.

ಹಾಗಾದರೆ ಬಣ್ಣಕ್ಕೆ ಬೆಲೆಯಿಲ್ಲವೇ? ಇದೆ, ಅದು ನಿದ್ದೆಯ ವಿಷಯದಲ್ಲಿ. ಕಣ್ಣಿನ ಹಿಂಬದಿಯಲ್ಲಿ ನೋಡುವುದಕ್ಕಲ್ಲದೆ ಹಗಲೋ ರಾತ್ರಿಯೋ ಎಂದು ಮಿದುಳಿಗೆ ತಿಳಿಸಲು ಕೆಲವು ಜೀವಕೋಶಗಳಿವೆ. ಅವು ಆಕಾಶನೀಲಿಯ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಆ ಬೆಳಕು ಸಿಕ್ಕರೆ ಹಗಲೆಂದು ತಿಳಿದು ಮಿದುಳು ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನನ್ನು ತಡೆಹಿಡಿಯುತ್ತದೆ. ಒಂದೇ ಪ್ರಮಾಣದ ಬೆಳಕಿನಲ್ಲಿ 3000 ಕೆಲ್ವಿನ್ ಬಲ್ಬು ಈ ಕೋಶಗಳನ್ನು 6500ದರ ಸುಮಾರು ಅರ್ಧದಷ್ಟು ಕೆಣಕುತ್ತದೆ. ಹಳದಿಯ ಪರವಾಗಿ ಇದು ನಿಜವಾದ ಅಂಶ. ಆದರೆ ಅರ್ಧವೆಂದರೆ ಸೊನ್ನೆಯಲ್ಲ. ಮಲಗುವ ಮುಂಚಿನ ಮೂರು ಗಂಟೆ ಕಣ್ಣಿಗೆ ಬೀಳುವ ಈ ಬಗೆಯ ಬೆಳಕು 10 ಲಕ್ಸ್ ದಾಟದಿರಲಿ ಎಂದು 2022ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಸಲಹೆ ಕೊಟ್ಟಿದ್ದಾರೆ. ತಂಗಿಯ ಕೋಣೆಯಲ್ಲಿ ಗೋಡೆಗೆ ಎದುರಾಗಿ ಕೂತಾಗ ಕಣ್ಣಿನ ಮಟ್ಟದಲ್ಲಿ 40 ಲಕ್ಸ್ ಇತ್ತು. ಹಳದಿಯಾದರೂ ಲೆಕ್ಕಕ್ಕೆ 20 ಆಯಿತು. ಅಂದರೆ ಹಳದಿ ಬಲ್ಬು ಹಾಕಿ ಹನ್ನೊಂದರವರೆಗೆ ಉರಿಸಿದರೆ ಮಲಗಿದವರಿಗೆ ಪೂರ್ಣ ಉಪಕಾರವಿಲ್ಲ, ಹತ್ತಕ್ಕೆ ಅದನ್ನು ಆರಿಸಲೇಬೇಕು.

ಆರಿಸಿದ ಮೇಲೆ ಉರಿಯುವ ಝೀರೋ ಬಲ್ಬಿನ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ನೀಲಿ. ತಂಪು ಎನ್ನುತ್ತಾರೆ. ಇಡೀ ರಾತ್ರಿ ಉರಿಸಲು ಎಲ್ಲ ಬಣ್ಣಗಳಲ್ಲಿ ಕೆಟ್ಟ ಆಯ್ಕೆ ಅದೇ. ಮಕ್ಕಳು ಹೆದರುತ್ತಾರೆಂದರೆ ಕೆಂಪು ಅಥವಾ ಕೇಸರಿಯದನ್ನು ಪಡಸಾಲೆಯಲ್ಲಿ ಹಾಕಿ ಬಾಗಿಲು ಸ್ವಲ್ಪ ತೆರೆದಿಟ್ಟರೆ ಸಾಕು.

ಸಿಂಧನೂರಿನವರಿಗೆ ಬಿಳಿ ಬಲ್ಬು ಇನ್ನೊಂದು ತೊಂದರೆ ತರುತ್ತದೆ. ಕಾಲುವೆ ನೀರಿನ ಊರು, ಸುತ್ತಲೂ ಭತ್ತ. ಬೆಳೆ ದಟ್ಟವಾಗುವ ತಿಂಗಳುಗಳಲ್ಲಿ ಜಿಗಿಹುಳುಗಳು ದೀಪಕ್ಕೆ ಮುತ್ತುತ್ತವೆ, ಬೆಳಿಗ್ಗೆ ಹಾಸಿಗೆ ಕೊಡವಿದರೆ ಒಂದು ಹಿಡಿ ಸಿಗುತ್ತವೆ. ಹುಳುಗಳ ಕಣ್ಣಿಗೆ ನೀಲಿ, ನೇರಳೆಯತ್ತಣ ಬೆಳಕು ಹೆಚ್ಚು ಕಾಣುವುದರಿಂದ ಹಳದಿ ಬಲ್ಬಿಗೆ ಬರುವವು ಕಡಿಮೆ. ಕಡಿಮೆ ಎಂದೆ, ಇಲ್ಲವೇ ಇಲ್ಲ ಎನ್ನಲಿಲ್ಲ. ಕಿಟಕಿಗೆ ಜಾಳಿಗೆ ಬೇಕೇ ಬೇಕು.

ಹಳದಿ ಬಲ್ಬು ಹಾಕಿದ ಮನೆಯವರು ಒಂದು ವಿಷಯದಲ್ಲಿ ಮಾತ್ರ ಎಚ್ಚರ ವಹಿಸಬೇಕು. ಮಸ್ಕಿಯಲ್ಲಿ ನಮ್ಮ ಭಾಬಿ ಬಾಣಂತಿಯಾಗಿದ್ದಾಗ ನಾಲ್ಕು ದಿನದ ಕೂಸಿನ ಫೋಟೋ ಕಳಿಸಿದ್ದರು. ಹಳದಿ ಬೆಳಕಿನಲ್ಲಿ ತೆಗೆದದ್ದು, ಮಗುವಿಗೆ ಕಾಮಾಲೆಯೆಂದು ಎಲ್ಲರಿಗೂ ಗಾಬರಿ. ಬಿಳಿ ಬಲ್ಬಿನಲ್ಲಿ ತೆಗೆದ ಫೋಟೋದಲ್ಲಿ ಏನೂ ಇಲ್ಲ, ಎಲ್ಲರಿಗೂ ಸಮಾಧಾನ. ಎರಡೂ ತಪ್ಪು. ಹಳದಿ ಬೆಳಕು ಇಲ್ಲದ್ದನ್ನು ತೋರಿಸಬಹುದು, ಇದ್ದದ್ದನ್ನು ಗೋಡೆ ಹಾಸಿಗೆಯ ಹಳದಿಯಲ್ಲಿ ಕರಗಿಸಲೂಬಹುದು. ಬಿಳಿ ಬೆಳಕೂ ಫೋನಿನ ತಿದ್ದುಪಡಿಯೂ ಇದ್ದದ್ದನ್ನು ಮುಚ್ಚಬಹುದು. ಮಗುವನ್ನು ಹಗಲು ಕಿಟಕಿಯ ಹತ್ತಿರ ತಂದು, ಹಣೆ ಅಥವಾ ಮೂಗಿನ ತುದಿಯನ್ನು ಬೆರಳಿಂದ ಮೆಲ್ಲಗೆ ಒತ್ತಿ ಬಿಟ್ಟು, ಆ ಕ್ಷಣ ಚರ್ಮ ಹಳದಿಯಾಗಿ ಕಾಣುತ್ತದೆಯೇ ನೋಡಬೇಕು. ಕಂಡರೆ ವೈದ್ಯರಿಗೆ ತೋರಿಸಬೇಕು. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿನವರೆಗೆ ಹರಡಿದ್ದರೆ, ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಒಂದು ಗಂಟೆಯೂ ಕಾಯಬಾರದು. ಭಾಬಿಯ ಕೂಸಿಗೆ ಕಿಟಕಿಯ ಬಳಿ ಸ್ವಲ್ಪ ಹಳದಿ ಕಂಡಿತು, ಅಂದೇ ಆಸ್ಪತ್ರೆಗೆ ಕರೆದೊಯ್ದರು, ರಕ್ತ ಪರೀಕ್ಷೆಯಾಯಿತು, ಎರಡು ದಿನ ಬೆಳಕಿನ ಚಿಕಿತ್ಸೆ ಪಡೆದು ಮನೆಗೆ ಬಂದಿತು.

ತಂಗಿಯ ಕೋಣೆಯಲ್ಲಿ ಈಗ ಮೇಲೆ 3000ದ ಹಳದಿ ಬಲ್ಬಿದೆ, ಹತ್ತಕ್ಕೆ ಅದು ಆರುತ್ತದೆ. ಆಮೇಲೆ ಅವಳ ಎಡಗಡೆ ಮುಚ್ಚಳದ ಟೇಬಲ್ ದೀಪ, ಅದಕ್ಕೆ 4000ದ ಬಲ್ಬು, ಪುಟದ ಆಚೆ ಬೆಳಕು ಹೋಗದಂತೆ ತಗ್ಗಿಸಿದ್ದಾಳೆ. ಮಂಚದ ಆ ಬದಿಯಲ್ಲಿ ದುಲ್ಹಾಭಾಯಿ ಗೋಡೆಗೆ ಮುಖ ಮಾಡಿ ಗೊರಕೆ ಹೊಡೆಯುತ್ತಾರಂತೆ. ಕಠಿಣವಾದ ಪಾಠಗಳನ್ನು ಅವಳು ಫಜ್ರ್ ನಂತರಕ್ಕೆ ಇಟ್ಟುಕೊಂಡಿದ್ದಾಳೆ, ಆಗ ಕಿಟಕಿಯೇ ಸಾಕು. ಅಂಗಡಿಗೆ ಹೋಗಬೇಕೋ ಬೇಡವೋ ಎಂದು ನಾವು ಮತ ಹಾಕಿದ್ದ ಬಿಳಿ ಬಲ್ಬು ಅಡುಗೆಮನೆ ಸೇರಿದೆ. ಸೋನಾ ಮಸೂರಿಯಲ್ಲಿ ಕಲ್ಲು ಆರಿಸಲು ಅದೇ ಒಳ್ಳೆಯದು ಎನ್ನುತ್ತಾಳೆ ಅವಳ ಅತ್ತೆ.